ಒಂದು ನಿಷೇಧ, ಎರಡು ಹೆಸರು: ಕಾಸರಗೋಡಿನ ದಡದಿಂದ ಕಂಡ ಮಳೆಗಾಲದ ಟ್ರಾಲ್ ನಿಷೇಧದ ಚರಿತ್ರೆ

ಜೂನ್ 9ರ ನಡುರಾತ್ರಿ ಕೊಲ್ಲಂ ಬಳಿಯ ನೀಂಡಕರ ಸೇತುವೆಯ ಕಂಬಗಳ ನಡುವೆ ಕಬ್ಬಿಣದ ಸರಪಳಿಯೊಂದನ್ನು ಎಳೆದು ಬಿಗಿಯುತ್ತಾರೆ. ಒಳಗೆ ಬಂದ ಟ್ರಾಲ್ ದೋಣಿಗಳು ಜುಲೈ 31ರ ರಾತ್ರಿಯವರೆಗೆ ಮತ್ತೆ ಕಡಲಿಗೆ ಇಳಿಯುವಂತಿಲ್ಲ. ಕೇರಳದ ಮಲಯಾಳ ಪತ್ರಿಕೆಗಳು ಈ 52 ದಿನಗಳನ್ನು ‘ಟ್ರೋಲಿಂಗ್ ನಿರೋಧನಂ’ ಎಂದು ಕರೆಯುತ್ತವೆ. ತಲಪಾಡಿಯ ಗಡಿ ದಾಟಿ ಉತ್ತರಕ್ಕೆ ಬಂದರೆ ಅದೇ ಕಾಲಕ್ಕೆ ಕನ್ನಡ ಪತ್ರಿಕೆಗಳು ‘ಮೀನುಗಾರಿಕೆ ನಿಷೇಧ’ ಎಂದು ಬರೆಯುತ್ತವೆ. ಎರಡೂ ಭಾಷೆಗಳನ್ನು ದಿನನಿತ್ಯ ಓದುವ ಕಾಸರಗೋಡಿನವರಿಗೆ ಈ ಎರಡು ಹೆಸರುಗಳ ಅಂತರ ಬರಿಯ ಅನುವಾದದ ವ್ಯತ್ಯಾಸವೆಂದು ತೋರಬಹುದು. ಆದರೆ ಮಲಯಾಳದ ಮಾತು ಒಂದು ಬಲೆಯನ್ನು ಹೆಸರಿಸಿ ತಡೆಯುತ್ತದೆ. ಕನ್ನಡದ ಮಾತು ಒಂದು ವೃತ್ತಿಯನ್ನೇ ತಡೆದಂತೆ ಕೇಳಿಸುತ್ತದೆ. ಯಾವ ಬಲೆಯನ್ನು ತಡೆಯಬೇಕು, ಯಾರ ಬಲೆಯನ್ನು ಬಿಡಬೇಕು ಎಂಬ ಪ್ರಶ್ನೆಯೇ ಈ ನಿಷೇಧದ ಚರಿತ್ರೆಯ ಒಳತಿರುಳಾಗಿರುವುದರಿಂದ, ಹೆಸರಿನ ಈ ಭೇದವನ್ನು ಹಿಡಿದು ವಿಷಯವನ್ನು ಪ್ರವೇಶಿಸುವುದು ಯುಕ್ತವೆನಿಸುತ್ತದೆ.

ಯಂತ್ರದ ದೋಣಿಗಳು ಬರುವ ಮೊದಲು ಈ ಕರಾವಳಿಯ ಎರಡು ತುದಿಗಳಲ್ಲಿ ಮಳೆಗಾಲದ ಅರ್ಥವೇ ಬೇರೆಬೇರೆಯಾಗಿತ್ತು. ದಕ್ಷಿಣ ಕನ್ನಡದ ದಡದಲ್ಲಿ ಮೊಗವೀರರು ರಂಪಣಿಯನ್ನು ಹಾಸಿ ಬೂತಾಯಿ, ಬಂಗುಡೆಗಳನ್ನು ಎಳೆಯುತ್ತಿದ್ದುದು ಮಳೆ ನಿಂತು ಕಡಲು ತಿಳಿಯಾದ ಮೇಲೆ. ಆಷಾಢದಲ್ಲಿ ದೋಣಿಗಳು ಮಡಲ ಮರೆಯಲ್ಲಿ ದಡದ ಮೇಲಿರುತ್ತಿದ್ದವು. ನೂಲ ಹುಣ್ಣಿಮೆಯ ಸಮುದ್ರಪೂಜೆಯಲ್ಲಿ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿದ ನಂತರವೇ ಕಡಲಿನ ಕೆಲಸ ವಿಧ್ಯುಕ್ತವಾಗಿ ತೊಡಗುತ್ತಿತ್ತು. ಇದನ್ನು ಪೂರ್ವಿಕರ ಪರಿಸರಜ್ಞಾನವೆಂದು ಹೊಗಳುವವರಿದ್ದಾರೆ. ನನ್ನ ಮಟ್ಟಿಗೆ ಇದಕ್ಕೆ ಮೊದಲ ಕಾರಣ ಮುರಿಯುವ ಅಲೆ. ಮರದ ದೋಣಿಯನ್ನು ಆ ಅಲೆಯ ಮೇಲೆ ಹಾಯಿಸಲು ಸಾಧ್ಯವಿರಲಿಲ್ಲ, ಅದರ ಫಲವಾಗಿ ಮೀನಿಗೆ ಬಿಡುವು ಸಿಗುತ್ತಿತ್ತು. ಇತ್ತ ಆಲಪ್ಪುಳದ ಕಡೆ ಸ್ಥಿತಿ ತಲೆಕೆಳಗಾಗಿತ್ತು. ಅಲ್ಲಿ ಮಳೆ ಬಿರುಸಾದಾಗ ತೀರದ ಸಮೀಪ ‘ಚಾಕರ’ವೆಂಬ ಕೆಸರುದಿಬ್ಬಗಳು ಏಳುತ್ತವೆ, ನೀರಿನಲ್ಲಿ ತೇಲುವ ನುಣುಪಾದ ಕೆಸರು ಅಲೆಯ ವೇಗವನ್ನು ಹೀರಿಕೊಂಡು ಸುತ್ತಲೂ ಕಡಲು ಕೆರಳಿರುವಾಗಲೂ ಅಷ್ಟು ಜಾಗವನ್ನು ಕೆರೆಯಂತೆ ಶಾಂತವಾಗಿಡುತ್ತದೆ. ಸಿಗಡಿ, ಮತ್ತಿಗಳು ಅಲ್ಲಿ ನೆರೆಯುತ್ತವೆ. ಉಳಿದವರಿಗೆ ಬರಗಾಲವಾದ ತಿಂಗಳು ಆ ವಳ್ಳಗಳವರಿಗೆ ಸುಗ್ಗಿ. ಮುಂದೆ ನಡೆದ ಹೋರಾಟವು ಕೇರಳದ ದಕ್ಷಿಣದಲ್ಲಿ ಹುಟ್ಟಿದ್ದು ಏಕೆ, ಕಾಸರಗೋಡಿನ ಕಡೆ ಅದು ಅಷ್ಟಾಗಿ ಕಾವೇರದೆ ಉಳಿದದ್ದು ಏಕೆ ಎಂಬುದಕ್ಕೆ ಈ ಭೇದ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ಸರ್ಕಾರಿ ನಿರ್ಬಂಧಗಳ ಕಥೆ ಇದಕ್ಕಿಂತ ಹಳೆಯದು, ಅದರಲ್ಲಿ ಕಾಸರಗೋಡಿಗೆ ನೇರ ಪಾಲೂ ಇದೆ. 1956ರವರೆಗೆ ಕಾಸರಗೋಡು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರಗಳಲ್ಲಿ ಬೂತಾಯಿಯನ್ನು ಬೇಯಿಸಿ ಎಣ್ಣೆ ತೆಗೆದು, ಹಿಂಡಿಯನ್ನು ಗೊಬ್ಬರವಾಗಿ ಮಾರುವ ಮನೆಗಳು ಸಾಲುಸಾಲಾಗಿ ಎದ್ದವು. ಮೀನು ಒಂದು ವರ್ಷ ದಡಕ್ಕೆ ರಾಶಿಯಾಗಿ ಬಂದು ಮರುವರ್ಷ ಕಾಣೆಯಾಗುವುದನ್ನು ಕಂಡು ಮದರಾಸಿನ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಅವರು 1924ರಲ್ಲಿ ಅದರ ಜೀವನಕ್ರಮವನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಅನಂತರ 1940ರ ದಶಕದಲ್ಲಿ ಮದರಾಸು ಸರ್ಕಾರವು ಬಲಿಯದ ಬೂತಾಯಿಯನ್ನು ಹಿಡಿಯುವುದಕ್ಕೂ ಕೆಲವು ಬಗೆಯ ಬಲೆಗಳಿಗೂ ನಿರ್ಬಂಧ ಹೇರಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು. ನೂರಾರು ಮೈಲಿ ಮರಳು ದಡದಲ್ಲಿ ಬಂದಿಳಿಯುವ ಸಾವಿರಾರು ದೋಣಿಗಳ ಮೀನನ್ನು ಯಾರು ಅಳೆಯುವುದು? ಬಲೆಯೊಳಗೆ ಸಿಕ್ಕಿದ ಮೇಲೆ ಮೀನಿನ ಅಳತೆ ಗೊತ್ತಾದರೆ ಪ್ರಯೋಜನವೇನು? ಅಳತೆಯ ನಿಯಮಕ್ಕಿಂತ ದಿನಗಳ ನಿಯಮವನ್ನು ಜಾರಿಗೊಳಿಸುವುದು ಸುಲಭವೆಂಬ ಪಾಠ ಅಲ್ಲಿಯೇ ಇತ್ತು. ಸೇತುವೆಗೆ ಸರಪಳಿ ಕಟ್ಟಬಹುದು. ಬೂತಾಯಿಯ ಗುಂಪಿಗೆ ಕಟ್ಟಲಾಗದು.

ಟ್ರಾಲ್ ಬಲೆ ಕೇರಳಕ್ಕೆ ಬಂದದ್ದು 1953ರಲ್ಲಿ ನೀಂಡಕರದಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯ ಹಿಂದಿನಿಂದ. ಹಳ್ಳಿಯ ಮೀನುಗಾರನ ದೋಣಿಗೆ ಯಂತ್ರ ಕೂಡಿಸಿ ಅವನ ಬದುಕನ್ನು ಮೇಲೆತ್ತುವುದು ಯೋಜನೆಯ ಮೂಲ ಉದ್ದೇಶ. ಅಮೆರಿಕ, ಜಪಾನುಗಳಲ್ಲಿ ಸಿಗಡಿಗೆ ಬೆಲೆ ಬಂದ ಕೂಡಲೇ ಅದು ದಿಕ್ಕು ಬದಲಿಸಿತು. ಟ್ರಾಲ್ ಎಂದರೆ ಉದ್ದನೆಯ ಚೀಲದಂತಹ ಬಲೆ. ಎರಡು ಭಾರವಾದ ಹಲಗೆಗಳು ನೀರಿನ ಒತ್ತಡದಿಂದ ಹೊರಕ್ಕೆ ಸರಿದು ಅದರ ಬಾಯನ್ನು ತೆರೆದಿಡುತ್ತವೆ, ಕೆಳಗಿನ ಹಗ್ಗ ಕಡಲತಳವನ್ನು ಕೆರೆಯುತ್ತ ಸಾಗುತ್ತದೆ, ಸಿಕ್ಕಿದ್ದೆಲ್ಲ ಕೊನೆಯ ಕಿರುಚೀಲದಲ್ಲಿ ಸೇರುತ್ತದೆ. ಆ ಚೀಲದ ಕಣ್ಣು ಸಣ್ಣದಾದರೆ ಸಿಗಡಿಯ ಜೊತೆಗೆ ಮರಿಮೀನೂ ಮೀನಿನ ಆಹಾರವಾದ ತಳದ ಜೀವಿಗಳೂ ಬರುತ್ತವೆ. 1960ರ ದಶಕದ ಮಧ್ಯದಿಂದ ಮೀನುಗಾರರಲ್ಲದ ಹಣವಂತರು ಈ ದೋಣಿಗಳನ್ನು ಕೊಳ್ಳತೊಡಗಿದರು. ಸಿಗಡಿ ಇರುವುದು ದಡದ ಸಮೀಪದ ಕೆಸರು ತಳದಲ್ಲಿ, ಕೈಬಲೆಯವರು ದುಡಿಯುವುದೂ ಅಲ್ಲಿಯೇ. ಒಂದೇ ನೀರಿನಲ್ಲಿ ಎರಡು ಬಗೆಯ ಮೀನುಗಾರಿಕೆ ಸೇರಿದ ಮೇಲೆ ಬಲೆಗಳು ಹರಿದವು, ದೋಣಿಗಳು ಸುಟ್ಟವು, ಜೀವಗಳೂ ಹೋದವು.

1980ರಲ್ಲಿ ಕೇರಳವು ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯನ್ನು ತಂದಿತು. ಟ್ರಾಲ್ ದೋಣಿಗಳು ದಡದಿಂದ ನಿಗದಿತ ದೂರದಾಚೆ ಇರಬೇಕೆಂಬ ನಿಯಮ ಅದರಿಂದ ಬಂದಿತಾದರೂ ರಾತ್ರಿಯ ಕಡಲಿನಲ್ಲಿ ಆ ಗೆರೆ ಯಾರಿಗೂ ಕಾಣುತ್ತಿರಲಿಲ್ಲ. ಹೀಗಾಗಿ ಥಾಮಸ್ ಕೋಚೇರಿ ಮೊದಲಾದವರ ಮುಂದಾಳುತನದ ಸ್ವತಂತ್ರ ಮೀನುಗಾರ ಕಾರ್ಮಿಕರ ಸಂಘಟನೆಯು ದೂರದ ಗೆರೆಗಿಂತ ಕಾಲದ ಗೆರೆಯನ್ನು ಕೇಳಿತು: ಜೂನ್‌ನಿಂದ ಆಗಸ್ಟ್‌ವರೆಗೆ ಟ್ರಾಲನ್ನು ಪೂರ್ಣ ನಿಲ್ಲಿಸಿ. 1981 ಮತ್ತು 1984ರ ಉಪವಾಸ, ರಸ್ತೆ ತಡೆಗಳಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಇದ್ದರು. ಚರ್ಚಿನ ಅಧಿಕಾರಸ್ಥರಿಗೆ ಅದರಿಂದ ಇರಿಸುಮುರಿಸಾದದ್ದು ಬೇರೆಯದೇ ಅಧ್ಯಾಯ.

ಸರ್ಕಾರ ಸಮಿತಿಗಳ ಮೇಲೆ ಸಮಿತಿಗಳನ್ನು ನೇಮಿಸಿತು. 1981ರ ಬಾಬು ಪಾಲ್ ಸಮಿತಿಯ ಸದಸ್ಯರು ನಿಷೇಧದ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಅನಂತರದ ಕಳಾವರ್ ಸಮಿತಿಯು ಇರುವ ಟ್ರಾಲ್ ದೋಣಿಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಅನಗತ್ಯವೆಂದು ಹೇಳಿತೇ ಹೊರತು ಮಳೆಗಾಲದ ನಿಷೇಧವನ್ನು ಬೆಂಬಲಿಸಲಿಲ್ಲ. ವಿಜ್ಞಾನಿಗಳ ಹಿಂಜರಿಕೆಗೆ ಮುಖ್ಯ ಕಾರಣ ‘ಕರಿಕ್ಕಾಡಿ’ ಎಂಬ ಸಿಗಡಿ. ನೀಂಡಕರದ ಟ್ರಾಲ್ ದೋಣಿಗಳ ಇಡೀ ವರ್ಷದ ಆದಾಯದ ದೊಡ್ಡ ಪಾಲು ಜೂನ್, ಜುಲೈಗಳ ಕರಿಕ್ಕಾಡಿಯಿಂದ ಬರುತ್ತಿತ್ತು. ಈ ಸಿಗಡಿಯ ಆಯುಸ್ಸು ಅಲ್ಪ. ಆಗ ಹಿಡಿಯದಿದ್ದರೆ ತಾನಾಗಿಯೇ ಸಾಯುತ್ತದೆ ಅಥವಾ ಚದುರಿಹೋಗುತ್ತದೆ, ಆದ್ದರಿಂದ ಬಿಟ್ಟರೆ ನಷ್ಟವೇ ಹೊರತು ಉಳಿತಾಯವಿಲ್ಲ ಎಂಬುದು ದೋಣಿ ಮಾಲೀಕರ ವಾದ. ಅದು ಹುರುಳಿಲ್ಲದ ವಾದವಾಗಿರಲಿಲ್ಲ. ಒಂದೇ ಜಾತಿಯನ್ನು ನೋಡಿದರೆ ಸರಿಯೂ ಆಗಬಹುದು. ಆದರೆ ಟ್ರಾಲ್ ಒಂದೇ ಜಾತಿಯನ್ನು ಹಿಡಿಯುವುದಿಲ್ಲ. ನಿಷೇಧವನ್ನು ಶಿಫಾರಸು ಮಾಡಿದ ಬಾಲಕೃಷ್ಣನ್ ನಾಯರ್ ಸಮಿತಿಯ ಮುಂದಿದ್ದುದು ಈ ದೊಡ್ಡ ಲೆಕ್ಕ.

ಆ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ನೈಋತ್ಯ ಮಾರುತ ಬೀಸುವಾಗ ಕೇರಳ ತೀರದ ಮೇಲ್ನೀರು ಕಡಲೊಳಕ್ಕೆ ಸರಿಯುತ್ತದೆ. ಅದರ ಜಾಗಕ್ಕೆ ಆಳದ ತಂಪುನೀರು ಮೇಲೇರುತ್ತದೆ. ಆ ನೀರಿನಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಪೋಷಕಾಂಶದಿಂದ ಸೂಕ್ಷ್ಮ ಸಸ್ಯಗಳು ಹಬ್ಬುತ್ತವೆ, ಮೊಟ್ಟೆಯೊಡೆದ ಮರಿಗಳಿಗೆ ಅದೇ ಮೊದಲ ಉಣಿಸು. ಬೂತಾಯಿಯೂ ಬಂಗುಡೆಯೂ ಮಳೆಗಾಲದಲ್ಲಿ ಮೊಟ್ಟೆಯಿಡುವುದು ಈ ಹೊಂದಾಣಿಕೆಯಿಂದ. ಆಮ್ಲಜನಕ ಕಡಿಮೆಯಾದ ತಳದಿಂದ ಮೀನುಗಳು ಬೇರೆಡೆಗೆ ಸರಿದು ಗುಂಪುಗೂಡುವುದರಿಂದ ಬಲೆಗೆ ಅವು ಎಂದಿಗಿಂತ ಸುಲಭವಾಗಿ ಸಿಗುತ್ತವೆ. ಸಂತಾನೋತ್ಪತ್ತಿ ಮತ್ತು ಸುಲಭಲಭ್ಯತೆ ಎರಡೂ ಒಂದೇ ತಿಂಗಳಲ್ಲಿ ಕೂಡುವುದೇ ಅಪಾಯದ ಮೂಲ.

ಉಳಿದ ಮೀನು ಬೆಳೆಯುವುದರಿಂದ ಬರುವ ಲಾಭವನ್ನು ಸರಳ ಉದಾಹರಣೆಯಿಂದ ಕಾಣಬಹುದು. ಮೀನಿನ ತೂಕ ಹೆಚ್ಚುಕಡಿಮೆ ಅದರ ಉದ್ದದ ಘನದಂತೆ ಏರುತ್ತದೆ. 10 ಸೆಂ.ಮೀ. ಮೀನು 15 ಸೆಂ.ಮೀ. ಆದರೆ ಉದ್ದ ಒಂದೂವರೆ ಪಟ್ಟು, ತೂಕ ಸುಮಾರು 3.4 ಪಟ್ಟು. ಈ ನಡುವೆ ಅರ್ಧದಷ್ಟು ಮೀನುಗಳು ತಾವಾಗಿ ಸತ್ತರೂ ಉಳಿದವುಗಳ ಒಟ್ಟು ತೂಕ ಮೊದಲಿನದಕ್ಕಿಂತ 1.7 ಪಟ್ಟಾಗುತ್ತದೆ, ದೊಡ್ಡ ಮೀನಿಗೆ ಕಿಲೋವಿನ ಬೆಲೆಯೂ ಹೆಚ್ಚು. ಸಾಯುವವುಗಳ ಪ್ರಮಾಣ ಶೇ. 70ನ್ನು ಮೀರಿದರೆ ಮಾತ್ರ ಕಾಯುವುದರಿಂದ ತೂಕದಲ್ಲಿ ನಷ್ಟ. ಕರಿಕ್ಕಾಡಿಯಂತಹ ಅಲ್ಪಾಯುಷಿಯ ವಿಷಯದಲ್ಲಿ ಮಾಲೀಕರು ಹೇಳಿದ್ದು ಈ ಎರಡನೆಯ ಸ್ಥಿತಿಯನ್ನು. ಕಿಳಿಮೀನಿನಂತಹ ಹೆಚ್ಚು ಬದುಕುವ ತಳದ ಮೀನುಗಳಿಗೆ ಅನ್ವಯಿಸುವುದು ಮೊದಲನೆಯದು. ಆದರೆ ಈ ಬೆಳವಣಿಗೆಗೆ ಎರಡು ತಿಂಗಳು ಸಾಲದಿರಬಹುದೆಂಬುದನ್ನೂ ಮರೆಯಬಾರದು. ನಿಷೇಧ ಮುಗಿದ ಆಗಸ್ಟ್‌ನಲ್ಲಿ ಬಲೆಗೆ ಬೀಳುವುದರಲ್ಲಿ ಮರಿ ಕಿಳಿಮೀನುಗಳ ರಾಶಿಯೇ ಇರುವುದುಂಟು. ಹುಟ್ಟನ್ನು ಕಾಯ್ದ ನಿಯಮ ಬೆಳವಣಿಗೆಯನ್ನು ಕಾಯಲಿಲ್ಲ ಎಂದಂತಾಯಿತು.

1988ರಲ್ಲಿ ಕೊನೆಗೂ ನಿಷೇಧ ಜಾರಿಯಾದಾಗ ಅದರಿಂದ ನೀಂಡಕರವನ್ನೇ ಹೊರಗಿಡಲಾಗಿತ್ತು! ಯಾವ ಬಂದರಿನ ದೋಣಿಗಳ ಮೇಲೆ ದೂರು ಹೆಚ್ಚಾಗಿತ್ತೋ ಅದಕ್ಕೇ ವಿನಾಯಿತಿ. ಮುಂದಿನ ವರ್ಷಗಳಲ್ಲಿ ಈ ವಿನಾಯಿತಿ ಹೋಯಿತು, ನಿಷೇಧದ ದಿನಗಳು ವರ್ಷದಿಂದ ವರ್ಷಕ್ಕೆ ಹಿಗ್ಗಿ ಕುಗ್ಗಿದವು. ದೋಣಿ ಮಾಲೀಕರು ನ್ಯಾಯಾಲಯಕ್ಕೆ ಹೋದರು. 1990ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟ್ ಮಳೆಗಾಲದ ಟ್ರಾಲ್ ನಿಷೇಧವನ್ನೂ, ರಾಜ್ಯದ ಜಲಸೀಮೆಯಲ್ಲಿ ಪರ್ಸೀನ್ ಮೊದಲಾದ ಬಲೆಗಳ ಮೇಲಿನ ನಿರ್ಬಂಧವನ್ನೂ ಎತ್ತಿಹಿಡಿಯಿತು. ಆ ಬಳಿಕ ಜೂನ್ 15ರಿಂದ ಜುಲೈ 31ರವರೆಗಿನ 47 ದಿನಗಳು ಕೇರಳದಲ್ಲಿ ವಾಡಿಕೆಯಾಗಿ ನೆಲೆನಿಂತವು. 2018ರಲ್ಲಿ ಅವು 52 ಆದವು. ಹೋರಾಟಗಾರರು ಕೇಳಿದ್ದು ಮೂರು ತಿಂಗಳು, ದಕ್ಕಿದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಈ ಅಂಕಿ ಮೀನಿನ ಗರ್ಭಕಾಲವನ್ನು ಅಳೆದು ಬಂದದ್ದಲ್ಲ, ಎರಡು ಪಕ್ಷಗಳ ನಡುವಿನ ಚೌಕಾಶಿಯಿಂದ ಬಂದದ್ದು ಎಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಸಾಂಪ್ರದಾಯಿಕ ಮೀನುಗಾರರಿಗೆ ನಿಷೇಧದ ಕಾಲದಲ್ಲಿ ಕಡಲು ತೆರೆದೇ ಇತ್ತು. 2007ರಲ್ಲಿ ಕೇರಳ ಶಾಸನಸಭೆಯು ಮಳೆಗಾಲದ ಮೇಲ್ನೀರಿನ ಮೀನುಗಾರಿಕೆಯನ್ನು ರಕ್ಷಿಸುವ ಪ್ರತ್ಯೇಕ ಕಾಯಿದೆಯಿಂದ ಆ ಹಕ್ಕನ್ನು ಭದ್ರಪಡಿಸಿತು. ಆದರೆ ಅಷ್ಟರಲ್ಲಿ ‘ಸಾಂಪ್ರದಾಯಿಕ’ವೆಂಬ ಪದದ ಒಳಗಿನ ವಸ್ತುವೇ ಬದಲಾಗಿತ್ತು. 1980ರ ದಶಕದಲ್ಲಿ ವಳ್ಳಗಳಿಗೆ ಹೊರಯಂತ್ರಗಳೂ ‘ರಿಂಗ್ ಸೀನ್’ ಎಂಬ ಸುತ್ತುಬಲೆಗಳೂ ಬಂದವು. ಇಂದು ದೊಡ್ಡ ಸುತ್ತುಬಲೆಯ ಉದ್ದ ಅರ್ಧ ಕಿಲೋಮೀಟರನ್ನು ಮೀರುತ್ತದೆ, ಒಂದೊಂದರ ಹಿಂದೆ ಹತ್ತಾರು ಜನರ ದುಡಿಮೆಯಿದೆ. ಮೊಟ್ಟೆ ತುಂಬಿದ ಬೂತಾಯಿ ಜೂನ್‌ನಲ್ಲಿ ದಡಕ್ಕೆ ಬಂದಾಗ ಹಿಡಿಯುವುದು ಟ್ರಾಲ್ ಅಲ್ಲ, ಈ ಬಲೆ. ತಳದ ಮೀನಿಗೆ ದೊರೆತ ಬಿಡುವು ಮೇಲ್ನೀರಿನ ಮೀನಿಗೆ ದೊರೆಯಲಿಲ್ಲ. ಈ ಕೊರತೆಯನ್ನು ತುಂಬಲು 2015ರಲ್ಲಿ 14 ಜಾತಿಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಪಡಿಸಲಾಯಿತು. ಬೂತಾಯಿಗೆ ಅದು 10 ಸೆಂ.ಮೀ. ಬೂತಾಯಿ ಮೊದಲ ಬಾರಿ ಮೊಟ್ಟೆಗೆ ಬರುವುದು ಸುಮಾರು 15 ಸೆಂ.ಮೀ. ಉದ್ದದಲ್ಲಿ. ಹಾಗಾಗಿ ಈ ಅಳತೆ ತೀರ ಎಳೆಯದನ್ನು ಉಳಿಸುತ್ತದೆ, ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಉಳಿಸುವುದಿಲ್ಲ. ಏಳು ದಶಕಗಳ ಹಿಂದೆ ಮದರಾಸು ಸರ್ಕಾರ ಬಿಟ್ಟುಕೊಟ್ಟ ಅಳತೆಯ ನಿಯಮ ಹೀಗೆ ಹಿಂದಿರುಗಿದೆ. ಇಂದು ಬಂದರುಗಳೂ ಹರಾಜುಕಟ್ಟೆಗಳೂ ಇರುವುದರಿಂದ ತಪಾಸಣೆ ಅಂದಿಗಿಂತ ಸಾಧ್ಯ.

ಗಡಿಯ ಕಡೆಗೆ ಬರೋಣ. ದಡದಿಂದ 12 ನಾಟಿಕಲ್ ಮೈಲಿಗಳವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. 2015ರಿಂದ ಕೇಂದ್ರವು ಪಶ್ಚಿಮ ಕರಾವಳಿಯ ಆಚೆಯ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವನ್ನು ಘೋಷಿಸುತ್ತ ಬಂದಿದೆ. ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ರಿಂದ ಜೂನ್ 14. ಕರ್ನಾಟಕವು ತನ್ನ ನೀರಿನಲ್ಲಿಯೂ 61 ದಿನಗಳನ್ನೇ ಪಾಲಿಸುತ್ತದೆ ಮತ್ತು 10 ಅಶ್ವಶಕ್ತಿಯೊಳಗಿನ ಯಂತ್ರದ ನಾಡದೋಣಿಗಳಿಗೆ ವಿನಾಯಿತಿ ಕೊಡುತ್ತದೆ. ಕೇರಳದ ನಿಯಮ 52 ದಿನ, ಅದೂ ಟ್ರಾಲ್ ಮೊದಲಾದ ಯಾಂತ್ರೀಕೃತ ದೋಣಿಗಳಿಗೆ. ಹೊರಯಂತ್ರದ ವಳ್ಳಗಳಿಗೆ ಕರ್ನಾಟಕದಷ್ಟು ಬಿಗಿಯಿಲ್ಲ. ಜೂನ್ ಮೊದಲ ವಾರದಲ್ಲಿ ತಲಪಾಡಿಯ ಉತ್ತರಕ್ಕೆ ನಿಷಿದ್ಧವಾದ ಟ್ರಾಲ್ ಮಂಜೇಶ್ವರದ ದಡದೆದುರಿನ ರಾಜ್ಯದ ನೀರಿನಲ್ಲಿ ನಿಷಿದ್ಧವಲ್ಲ. ಮೀನಿನ ಗುಂಪಿಗೆ ತಲಪಾಡಿ ಎಲ್ಲಿದೆಯೆಂಬುದು ತಿಳಿಯದು. ಉಪ್ಪಳ, ಕುಂಬಳೆಗಳ ಮೊಗವೀರರಿಗೆ ಮಾತ್ರ ಚೆನ್ನಾಗಿ ತಿಳಿದಿದೆ. ಅವರ ನೆಂಟಸ್ತಿಕೆ, ಮೀನಿನ ಮಾರುಕಟ್ಟೆ ಮಂಗಳೂರಿನ ಕಡೆಗೆ, ಪರವಾನಗಿ, ಪಡಿತರ, ಪರಿಹಾರ ತಿರುವನಂತಪುರದ ಕಡೆಗೆ.

ಪರಿಹಾರದ ಮಾತನ್ನು ತುಸು ವಿವರವಾಗಿ ನೋಡಬೇಕಾಗಿದೆ. ‘ಉಳಿತಾಯ ಮತ್ತು ಪರಿಹಾರ’ ಯೋಜನೆಯಲ್ಲಿ ಮೀನುಗಾರ ಕಸುಬು ನಡೆಯುವ ತಿಂಗಳುಗಳಲ್ಲಿ ಕಂತಿನಲ್ಲಿ 1,500 ರೂ. ಕಟ್ಟುತ್ತಾನೆ, ಕೇಂದ್ರ, ರಾಜ್ಯಗಳು ತಲಾ 1,500 ಸೇರಿಸುತ್ತವೆ, ಒಟ್ಟು 4,500 ರೂ.ಗಳನ್ನು ಕೊರತೆಯ ಮೂರು ತಿಂಗಳಲ್ಲಿ ಹಂಚಿ ಕೊಡಲಾಗುತ್ತದೆ. ಅವನದೇ ಹಣವನ್ನು ಕಳೆದರೆ ಸರ್ಕಾರದ ನಿಜವಾದ ನೆರವು 3,000 ರೂ.; 90 ದಿನಗಳಿಗೆ ಹಂಚಿದರೆ ದಿನಕ್ಕೆ 33 ರೂ. ಕೇರಳ ಇದರ ಜೊತೆಗೆ ಟ್ರಾಲ್ ದೋಣಿಯ ಕೆಲಸಗಾರರಿಗೂ ಬಂದರಿನ ಅನುಬಂಧ ಕೆಲಸಗಾರರಿಗೂ ಉಚಿತ ಪಡಿತರ ಕೊಡುತ್ತದೆ. ಈ ಮೊತ್ತ ಕಳೆದುಹೋದ ಆದಾಯಕ್ಕೆ ಸಮವೆಂದು ಯಾರೂ ಹೇಳುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ನಿಷೇಧದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಟ್ರಾಲ್ ದೋಣಿಯಲ್ಲಿ ಸಂಬಳವೆಂಬುದು ಅಪರೂಪ. ಮೀನು ಮಾರಿದ ಹಣದಲ್ಲಿ ಡೀಸೆಲ್, ಮಂಜುಗಡ್ಡೆ, ಊಟದ ಖರ್ಚು ಕಳೆದು ಉಳಿದದ್ದು ಪಾಲಾಗುತ್ತದೆ. ಮಾಲೀಕನು ಈ ಎರಡು ತಿಂಗಳಲ್ಲಿ ದೋಣಿಗೆ ಬಣ್ಣ ಬಳಿದು, ಯಂತ್ರ ಬಿಚ್ಚಿ, ಬಲೆ ಹೊಲಿಸಿ ಹೇಗೂ ಮಾಡಬೇಕಾದ ದುರಸ್ತಿ ಮುಗಿಸುತ್ತಾನೆ. ಬಿರುಗಾಳಿಯಲ್ಲಿ ಡೀಸೆಲ್ ಸುಡುವುದು ತಪ್ಪುತ್ತದೆ. ಆಗಸ್ಟ್‌ನ ಮೊದಲ ವಾರದ ಹಿಡಿತ ಅವನ ಕೈಗೆ ಬರುತ್ತದೆ. ಪಾಲಿನವನಿಗೆ ಈ ಅವಧಿಯಲ್ಲಿ ಪಾಲು ಶೂನ್ಯ. ಹೊರ ರಾಜ್ಯಗಳಿಂದ ಬಂದ ಕೆಲಸಗಾರನ ಹೆಸರು ಇಲ್ಲಿಯ ಕಲ್ಯಾಣನಿಧಿಯ ಪುಸ್ತಕದಲ್ಲಿ ಇರುವುದಿಲ್ಲ, ಊರಿಗೆ ಮರಳುವ ಹೊತ್ತಿಗೆ ಅಲ್ಲಿಯ ಪುಸ್ತಕವೂ ಮುಚ್ಚಿರುತ್ತದೆ. ಸಿಗಡಿ ಸುಲಿಯುವ, ಬುಟ್ಟಿಯಲ್ಲಿ ಮೀನು ಹೊತ್ತು ಮಾರುವ ಹೆಂಗಸರ ನಷ್ಟ ಯಾವ ಕೋಷ್ಟಕದಲ್ಲೂ ಸರಿಯಾಗಿ ದಾಖಲಾಗುವುದಿಲ್ಲ.

ಹಾಗಾದರೆ ನಿಷೇಧದಿಂದ ಮೀನು ಹೆಚ್ಚಿತೇ? 1988ರ ನಂತರ ಕೇರಳದ ಒಟ್ಟು ಹಿಡಿತ ಏರಿತೆಂದು ತೋರಿಸಿ ಹೌದೆನ್ನುವುದು ರೂಢಿ. ಈ ವಾದ ದುರ್ಬಲ. ಅದೇ ಅವಧಿಯಲ್ಲಿ ದೋಣಿಗಳು ದೊಡ್ಡವಾದವು, ಯಂತ್ರದ ಬಲ ಹಲವು ಪಟ್ಟಾಯಿತು, ದಿನದೊಳಗೆ ಮರಳುತ್ತಿದ್ದವು ವಾರಗಟ್ಟಲೆ ಹೊರಗುಳಿಯತೊಡಗಿದವು, ಹಿಂದೆ ಮುಟ್ಟದ ಆಳವನ್ನು ಮುಟ್ಟಿದವು. ನೋಡಬೇಕಾದದ್ದು ಬಲೆ ಎಳೆದ ಪ್ರತಿ ಗಂಟೆಗೆ ಎಷ್ಟು ಮೀನು, ಎಷ್ಟು ಉದ್ದದ್ದು ಎಂಬುದನ್ನು. ಆಗಸ್ಟ್‌ನಲ್ಲಿ ಏರಿದ ಹಿಡಿತ ಅಕ್ಟೋಬರ್‌ನಲ್ಲೂ ನಿಲ್ಲುತ್ತದೆಯೇ ಎಂಬುದನ್ನು. ಕೆಲವೇ ವಾರಗಳಲ್ಲಿ ಅದು ಕುಸಿದರೆ, ಎರಡು ತಿಂಗಳಲ್ಲಿ ಕೂಡಿದ್ದನ್ನು ಒಟ್ಟಿಗೆ ಬಾಚಿದಂತಾಯಿತೇ ಹೊರತು ಮೀನಿನ ಸಂತತಿ ಚೇತರಿಸಿದಂತಲ್ಲ. ಬೂತಾಯಿಯ ಅಂಕಿಗಳಂತೂ ಯಾವ ಪಕ್ಷಕ್ಕೂ ಸಮಾಧಾನ ಕೊಡುವುದಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಅದು ಮೂರೂವರೆ ಸಾವಿರ ಟನ್ನಿಗೂ ಕೆಳಗಿಳಿಯಿತು. ಆ ಎರಡೂ ವರ್ಷಗಳಲ್ಲಿ ನಿಷೇಧ ಜಾರಿಯಲ್ಲಿತ್ತು. ಕುಸಿತದಲ್ಲಿ 2015-16ರ ಎಲ್ ನಿನೊವಿನ ಕೈವಾಡವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ನೀರಿನ ಬಿಸಿ ಮತ್ತು ಮೇಲೇರುವ ತಂಪುನೀರಿನ ಏರುಪೇರುಗಳು ಮೊಟ್ಟೆಯಿಡುವ ಕಾಲವನ್ನೇ ಹಿಂದುಮುಂದು ಮಾಡಬಲ್ಲವು. ಆಗ ಪಂಚಾಂಗದಂತೆ ಬದಲಾಗದೆ ಬರುವ ಜೂನ್ 9 ಮತ್ತು ಜುಲೈ 31ರ ನಡುವೆ ಮೀನು ತನ್ನ ಕೆಲಸವನ್ನು ಮುಗಿಸಿಯೇ ಇರುತ್ತದೆಂದು ಹೇಳಲಾಗದು.

ಆದರೂ ನಿಷೇಧವನ್ನು ತೆಗೆಯಿರಿ ಎಂದು ಇಂದು ಗಟ್ಟಿಯಾಗಿ ಕೇಳುವವರು ಟ್ರಾಲ್ ಮಾಲೀಕರಲ್ಲಿಯೂ ವಿರಳ. ಅವರ ಈಗಿನ ಬೇಡಿಕೆ ಬೇರೆ: ಸುತ್ತುಬಲೆಗಳಿಗೂ ಅದೇ ಸರಪಳಿ ಬೀಳಲಿ ಎಂಬುದು. ನಾಲ್ಕು ದಶಕಗಳ ಹಿಂದೆ ಕೈಬಲೆಯವರು ಟ್ರಾಲಿನ ಮೇಲೆ ಹೊರಿಸಿದ್ದ ದೂರನ್ನೇ ಟ್ರಾಲಿನವರು ಈಗ ತಿರುಗಿ ಅವರ ಮೇಲೆ ಹೊರಿಸುತ್ತಿದ್ದಾರೆ. ಅದು ಈಡೇರಿದ ದಿನ ಮಲಯಾಳದ ಪತ್ರಿಕೆಗಳೂ ‘ಟ್ರೋಲಿಂಗ್’ ಎಂಬ ಪದವನ್ನು ಬಿಟ್ಟು ಬೇರೆ ಹೆಸರನ್ನು ಹುಡುಕಬೇಕಾಗುತ್ತದೆ.